ನಲವತ್ತು ವರ್ಷದ ಹಾಡಿಗೆ ಐದೈದು ಮಾತ್ರೆ

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದಾಗಿನಿಂದ ದಾಂಪತ್ಯದ ಹಾಡು ನಮಗೆ ಮನೆಮಾತು. ಮದುವೆಯಾಗಿ ನಲವತ್ತು ವರ್ಷ ಕಳೆದ ಗಂಡ ಹೆಂಡತಿಗೆ ಏನು ಬರೆಯಬೇಕು? ‘ನಲವತ್ತು ವರುಷಗಳು ನೀನೆ ನನ್ನುಸಿರಾದೆ’ ಎಂದರೆ ಛಂದಸ್ಸೇನೋ ಸರಿ, ಐದೈದು ಮಾತ್ರೆಯ ನಾಲ್ಕು ಗಣ. ಆದರೆ ಇದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಅದೇ ಲಯದಲ್ಲಿ ಮನೆಯೊಳಗೆ ಬನ್ನಿ:

ಕನ್ನಡಕ ಹುಡುಕುವೆನು, ನಕ್ಕು ನೀ ತೋರಿಸುವೆ
ನನ್ನ ಕಾಫಿಗೆ ಮಾತ್ರ ಸಕ್ಕರೆಯ ಮರೆತಿರುವೆ

ಕನ್ನಡಕ ಅವನ ಹಣೆಯ ಮೇಲೇ ಇದೆಯೆಂದು ಬಿಡಿಸಿ ಹೇಳಬೇಕಿಲ್ಲ, ಅವಳ ನಗುವೇ ಹೇಳುತ್ತದೆ. ಎರಡನೆಯದು ಮರೆವಲ್ಲ, ಅವನ ಸಕ್ಕರೆ ಕಾಯಿಲೆಯ ಮೇಲೆ ಅವಳಿಟ್ಟ ಕಣ್ಣು. ‘ಇದೇ ನಿನ್ನ ಪ್ರೀತಿ’ ಎಂದು ಮೂರನೆಯ ಸಾಲು ಸೇರಿಸಿದರೆ ಮೊದಲೆರಡೂ ಸಪ್ಪೆಯಾಗುತ್ತವೆ.