98ಕ್ಕೆ ಕೊಂಡು 102ಕ್ಕೆ ಮಾರುವವನು

ಎಸ್‌ಎಂಇ ವಿಭಾಗದ ಯಾವುದಾದರೂ ಸಣ್ಣ ಕಂಪನಿಯ ಷೇರನ್ನು ಮೊಬೈಲ್ ಪರದೆಯ ಮೇಲೆ ತೆರೆದು, ಅದರ ಕೆಳಗೆ ಬರುವ ಆರ್ಡರ್ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಎಡಕ್ಕೆ, ಕೊಳ್ಳುವವರ ಕಡೆ, 98 ರೂಪಾಯಿಗೆ 1,200 ಷೇರು. ಬಲಕ್ಕೆ, ಮಾರುವವರ ಕಡೆ, 102 ರೂಪಾಯಿಗೆ 1,200 ಷೇರು. ಅದರ ಕೆಳಗೆ ಒಂದೆರಡು ಚಿಲ್ಲರೆ ಆರ್ಡರ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನೋಡಿದವರಿಗೆ ಒಬ್ಬ ಕೊಳ್ಳುವವನು, ಒಬ್ಬ ಮಾರುವವನು ಎದುರುಬದುರು ನಿಂತು ಚೌಕಾಸಿ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಬಹಳ ಸಲ ಆ ಎರಡೂ ಆರ್ಡರ್ ಹಾಕಿರುವವನು ಒಬ್ಬನೇ. ಅವನಿಗೆ ಮಾರ್ಕೆಟ್ ಮೇಕರ್ ಎಂದು ಹೆಸರು.

ನಮ್ಮ ದೇಶದಲ್ಲಿ ಎಸ್‌ಎಂಇ ಷೇರುಗಳಿಗೆ ಪ್ರತ್ಯೇಕ ವೇದಿಕೆ ಶುರುವಾದದ್ದು 2012ರಲ್ಲಿ, ಬಿಎಸ್‌ಇ ಮತ್ತು ಎನ್‌ಎಸ್‌ಇ ಎರಡರಲ್ಲೂ. ಸಣ್ಣ ಕಂಪನಿಯ ಷೇರಿಗೆ ದಿನವಿಡೀ ಗಿರಾಕಿ ಇರುವುದಿಲ್ಲ ಎಂಬುದು ಸೆಬಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಪಟ್ಟಿಯಾದ ದಿನದಿಂದ ಕನಿಷ್ಠ 3 ವರ್ಷ ಒಬ್ಬ ಮಾರ್ಕೆಟ್ ಮೇಕರ್ ಇರಲೇಬೇಕು ಎಂದು ಕಡ್ಡಾಯ ಮಾಡಿತು. ವಹಿವಾಟಿನ ಸಮಯದ ಶೇಕಡ 75ರಷ್ಟು ಹೊತ್ತು ಅವನು ಕೊಳ್ಳುವ ದರ, ಮಾರುವ ದರ ಎರಡನ್ನೂ ಪರದೆಯ ಮೇಲೆ ಇಟ್ಟಿರಬೇಕು. ಯಾರಾದರೂ ಆ ದರಕ್ಕೆ ಬಂದರೆ ಒಲ್ಲೆ ಎನ್ನುವಂತಿಲ್ಲ. ಜೊತೆಗೆ ಐಪಿಒದಲ್ಲೇ ಒಟ್ಟು ಷೇರುಗಳ ಕನಿಷ್ಠ ಶೇಕಡ 5ರಷ್ಟನ್ನು ಅವನು ಎಲ್ಲರಂತೆ ಹಣ ಕೊಟ್ಟು ಕೊಂಡು ಇಟ್ಟುಕೊಳ್ಳಬೇಕು. ಅಂಗಡಿ ಬಾಗಿಲು ತೆರೆಯುವ ದಿನವೇ ಗೋದಾಮಿನಲ್ಲಿ ಮಾಲು ಇರಬೇಕು ಎಂಬುದು ಇದರ ಲೆಕ್ಕ.

ಅವನ ಸಂಪಾದನೆ ಎಲ್ಲಿಂದ ಎಂದು ಕೇಳಿದರೆ ಮೇಲಿನ ಪರದೆಯಲ್ಲೇ ಉತ್ತರವಿದೆ. 98ಕ್ಕೆ ಒಬ್ಬರಿಂದ ಕೊಂಡ ಲಾಟನ್ನು 102ಕ್ಕೆ ಇನ್ನೊಬ್ಬರಿಗೆ ಕೊಟ್ಟರೆ ಷೇರಿಗೆ 4 ರೂಪಾಯಿ, 1,200 ಷೇರಿನ ಲಾಟಿಗೆ 4,800 ರೂಪಾಯಿ. ಡೆಲಿವರಿ ವಹಿವಾಟಾದರೆ ಕೊಳ್ಳುವಾಗ, ಮಾರುವಾಗ ಎರಡೂ ಸಲ ಶೇಕಡ 0.1ರಷ್ಟು ಎಸ್‌ಟಿಟಿ ತೆರಬೇಕು. ಅದು ಸುಮಾರು 240 ರೂಪಾಯಿ. ಸ್ಟಾಂಪ್ ಶುಲ್ಕ, ಎಕ್ಸ್‌ಚೇಂಜ್ ಶುಲ್ಕ ಕಳೆದರೂ ಕೈಯಲ್ಲಿ ನಾಲ್ಕೂವರೆ ಸಾವಿರ ಉಳಿಯುತ್ತದೆ. ಈ ಅಂತರಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಎಷ್ಟು ಬೇಕಾದರೂ ಅಗಲ ಮಾಡಲು ಬಿಡುವುದಿಲ್ಲ. 100 ರೂಪಾಯಿ ದಾಟಿದ ಷೇರಿಗೆ ಶೇಕಡ 5, 50 ರೂಪಾಯಿಯೊಳಗಿನದಕ್ಕೆ ಶೇಕಡ 9, ಹೀಗೆ ಬೆಲೆಗೆ ತಕ್ಕ ಮಿತಿ ಇದೆ. ಇದರ ಹೊರತಾಗಿ ಕಂಪನಿಯೂ ಅವನಿಗೆ ಈ ಕೆಲಸಕ್ಕೆಂದು ಶುಲ್ಕ ಕೊಡುವುದುಂಟು. ಐಪಿಒ ಖರ್ಚಿನ ಪಟ್ಟಿಯಲ್ಲಿ ಅದು ಕಾಣಸಿಗುತ್ತದೆ.

ಕೂತಲ್ಲೇ ನಾಲ್ಕೂವರೆ ಸಾವಿರ ಎಂದರೆ ಕೇಳಲು ಚೆನ್ನಾಗಿದೆ. ಆದರೆ 98ಕ್ಕೆ ಮಾರುವವನು ಬಂದ ಗಳಿಗೆಯಲ್ಲೇ 102ಕ್ಕೆ ಕೊಳ್ಳುವವನೂ ಬರುತ್ತಾನೆ ಎಂದು ಯಾರೂ ಮಾತು ಕೊಟ್ಟಿಲ್ಲ. ಇವನು ಬರುವ ಹೊತ್ತಿಗೂ ಅವನು ಬರುವ ಹೊತ್ತಿಗೂ ನಡುವೆ ಮಾಲು ಮಾರ್ಕೆಟ್ ಮೇಕರ್‌ನ ಕೈಯಲ್ಲಿರುತ್ತದೆ, ಬೆಲೆ ಮಾತ್ರ ಅವನ ಕೈಯಲ್ಲಿರುವುದಿಲ್ಲ. ಈ ಕಸುಬಿನ ಕಷ್ಟವೆಲ್ಲ ಇಲ್ಲಿದೆ. ಒಂದು ದಿನದ ಲೆಕ್ಕ ಹಾಕಿ ನೋಡೋಣ.

ಕಂಪನಿಯ ಹೆಸರು ಬೇಡ, ಲೆಕ್ಕಕ್ಕೆಂದು ಕಟ್ಟಿಕೊಂಡದ್ದು. ಐಪಿಒದಲ್ಲಿ 100 ರೂಪಾಯಿಯಂತೆ 20,16,000 ಷೇರು ಬಂದಿವೆ. ಅದರ ಶೇಕಡ 5 ಎಂದರೆ 1,00,800 ಷೇರು, ಅಂದರೆ 84 ಲಾಟು, ಮಾರ್ಕೆಟ್ ಮೇಕರ್ ಬಳಿ ಇದೆ. ಅದಕ್ಕೆ ಅವನು ಹಾಕಿರುವ ಹಣ ಒಂದು ಕೋಟಿ ಚಿಲ್ಲರೆ. ಬೆಳಿಗ್ಗೆ ದರ 98, 102. ಪೇಟೆ ತಣ್ಣಗಿದೆ. ಮೂರು ಲಾಟು ಅವನಿಗೆ ಬಂದವು, ಮೂರು ಹೋದವು. 14,400 ರೂಪಾಯಿ ಸ್ಪ್ರೆಡ್ ಸಿಕ್ಕಿತು.

ಹನ್ನೊಂದರ ಸುಮಾರಿಗೆ ಮಾರುವವರು ಒಬ್ಬರ ಹಿಂದೊಬ್ಬರು ಬರತೊಡಗುತ್ತಾರೆ. 98ಕ್ಕೆ 5 ಲಾಟು ಬಂತು, ಕೊಳ್ಳುವವರು ಯಾರೂ ಇಲ್ಲ. ಅವನು ದರ ಇಳಿಸಿ 96, 100 ಎಂದು ಇಡುತ್ತಾನೆ. ಇಲ್ಲಿ ಗಮನಿಸಬೇಕಾದದ್ದು, ಕೊಳ್ಳುವ ದರದ ಜೊತೆಗೆ ಮಾರುವ ದರವನ್ನೂ ಇಳಿಸಿದ. ಕೊಳ್ಳುವ ದರ ತಗ್ಗಿಸಿದ್ದು ಇನ್ನಷ್ಟು ಮಾಲು ಬಂದು ಬೀಳದಿರಲೆಂದು. ಮಾರುವ ದರ ತಗ್ಗಿಸಿದ್ದು ಬಂದ ಮಾಲು ಬೇಗ ಹೋಗಲೆಂದು. ಆದರೂ 96ಕ್ಕೆ ಮತ್ತೆ 8 ಲಾಟು ಬಂತು. 94, 98 ಎಂದಿಟ್ಟ. 94ಕ್ಕೆ 10 ಲಾಟು ಬಂತು. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಗಿದಾಗ ಬೆಲೆ 90.

ಈಗ ಪುಸ್ತಕ ತೆರೆಯೋಣ. ಆ ದಿನ ಅವನ ಮೇಲೆ ಬಿದ್ದದ್ದು 23 ಲಾಟು, ಕೊಟ್ಟ ಹಣ 26,37,600 ರೂಪಾಯಿ. 90ರ ಲೆಕ್ಕದಲ್ಲಿ ಅದರ ಬೆಲೆ 24,84,000. ನಷ್ಟ 1,53,600. ಇನ್ನೂ ದೊಡ್ಡ ಪೆಟ್ಟು ಗೋದಾಮಿನಲ್ಲಿದ್ದ 84 ಲಾಟಿನದು. ಬೆಳಿಗ್ಗೆ 100ರ ಆಸುಪಾಸಿನಲ್ಲಿದ್ದ ಅದು ಷೇರಿಗೆ 10 ರೂಪಾಯಿ ಕಳೆದುಕೊಂಡು 10,08,000 ರೂಪಾಯಿ ಕರಗಿತು. ಒಟ್ಟು 11,61,600. ಬೆಳಿಗ್ಗೆ ಗಳಿಸಿದ್ದು 14,400. ಲಾಟಿಗೆ 4,800ರಂತೆ ಇಷ್ಟನ್ನು ಮತ್ತೆ ಸಂಪಾದಿಸಲು ಖರ್ಚು ಬಿಟ್ಟು ಲೆಕ್ಕ ಹಾಕಿದರೂ 242 ಲಾಟು ಕೊಂಡು ಮಾರಬೇಕು. ದಿನಕ್ಕೆ ಮೂರು ಲಾಟು ಆಡುವ ಷೇರಿನಲ್ಲಿ ಅದು 80 ದಿನ ದಾಟುವ ಕೆಲಸ. ಬೆಲೆ ಏರುವ ದಿನ ದಾಸ್ತಾನಿನ ಮೇಲೆ ಲಾಭವೂ ಬರುತ್ತದೆ, ನಿಜ. ಆದರೆ ಆ ದಿನ ಜನ ಅವನ ಬಳಿ ಕೊಳ್ಳಲು ಬರುತ್ತಾರೆ, ಅವನು 102ಕ್ಕೆ ಕೊಡಲೇಬೇಕು, 110ರವರೆಗೆ ಕಾದು ಕೂರುವಂತಿಲ್ಲ. ಇಳಿಯುವಾಗ ದಾಸ್ತಾನು ಬೆಳೆಯುತ್ತದೆ, ಏರುವಾಗ ಕರಗುತ್ತದೆ. ಎರಡೂ ಅವನಿಗೆ ಬೇಡದ ದಿಕ್ಕು.

ಹನ್ನೊಂದು ಗಂಟೆಗೆ ಬಂದ ಆ ಮಾರುವವರು ಯಾರು ಎಂಬ ಪ್ರಶ್ನೆಯೂ ಇದೆ. ಮಗಳ ಫೀಸಿಗೆಂದೋ ಮನೆ ರಿಪೇರಿಗೆಂದೋ ಮಾರುವವರಾದರೆ ಅವನಿಗೆ ಭಯವಿಲ್ಲ; ಸಂಜೆಯೊಳಗೆ ಇನ್ನಾರೋ ಕೊಳ್ಳಲು ಬರುತ್ತಾರೆ. ಕಂಪನಿಗೆ ದೊಡ್ಡ ಆರ್ಡರ್ ತಪ್ಪಿಹೋಯಿತು ಎಂಬ ಸುದ್ದಿ ಮೊದಲೇ ತಿಳಿದವರಾದರೆ, ಅವರಿಂದ ಕೊಂಡದ್ದೆಲ್ಲ ನಷ್ಟಕ್ಕೇ. ಪರದೆಯ ಮೇಲೆ ಇಬ್ಬರ ಆರ್ಡರೂ ಒಂದೇ ತರಹ ಕಾಣುತ್ತದೆ. ಆದ್ದರಿಂದ ತಿಳಿದವರಿಂದಾಗುವ ನಷ್ಟವನ್ನು ತುಂಬಿಕೊಳ್ಳುವಷ್ಟು ಅಂತರವನ್ನು ಅವನು ಎಲ್ಲರ ಮೇಲೂ ಹಾಕುತ್ತಾನೆ. ಫೀಸಿಗೆಂದು ಮಾರಿದವರು ಬಿಟ್ಟುಕೊಡುವ 2 ರೂಪಾಯಿಯಲ್ಲಿ ಗುಟ್ಟು ತಿಳಿದವನ ಲಾಭವೂ ಸೇರಿದೆ. ಒಳಸುದ್ದಿ ಹಿಡಿದು ವ್ಯವಹಾರ ಮಾಡುವುದು ಅಪರಾಧ ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ. ಅದರ ಖರ್ಚು ಕೊನೆಗೆ ಬೀಳುವುದು ಏನೂ ತಿಳಿಯದ ಸಣ್ಣವರ ತಲೆಯ ಮೇಲೆ.

ದರವನ್ನು ಎಷ್ಟು ಇಳಿಸಬೇಕು ಎನ್ನುವುದಕ್ಕೆ ಒಂದು ಗಣಿತವಿದೆ. 2008ರಲ್ಲಿ ಮಾರ್ಕೊ ಅವೆಲನೆಡಾ ಮತ್ತು ಸಾಶಾ ಸ್ಟೊಯಿಕೊವ್ ಎಂಬಿಬ್ಬರು ಬರೆದ ಪ್ರಬಂಧದಲ್ಲಿ ಅದು ಪ್ರಸಿದ್ಧವಾಯಿತು. ಸಾರ ಸರಳ. ಮಾರ್ಕೆಟ್ ಮೇಕರ್ ಪೇಟೆಯ ಬೆಲೆಯನ್ನೇ ತನ್ನ ಬೆಲೆ ಎಂದು ತಿಳಿಯಬಾರದು. ಕೈಯಲ್ಲಿ ಎಷ್ಟು ಮಾಲಿದೆ, ನಷ್ಟಕ್ಕೆ ಎಷ್ಟು ಹೆದರುತ್ತಾನೆ, ಬೆಲೆ ಎಷ್ಟು ಹೊಯ್ದಾಡುತ್ತದೆ, ಎಷ್ಟು ಹೊತ್ತು ಹೊರಬೇಕು, ಈ ನಾಲ್ಕನ್ನು ಗುಣಿಸಿ ಅಷ್ಟು ಕೆಳಗೆ ತನ್ನದೇ ಒಂದು ಬೆಲೆ ಇಟ್ಟುಕೊಂಡು, ಅದರ ಆಚೀಚೆ ಎರಡು ದರ ಹಾಕಬೇಕು. ಹೊಯ್ದಾಟವನ್ನು ಅದರಿಂದಲೇ ಮತ್ತೆ ಗುಣಿಸುತ್ತಾರೆ. ಹೊಯ್ದಾಟ ಎರಡು ಪಟ್ಟಾದರೆ ದರ ನಾಲ್ಕು ಪಟ್ಟು ಸರಿಯುತ್ತದೆ. ಗಾಳಿಸುದ್ದಿ ಬಂದ ದಿನ ಸಣ್ಣ ಷೇರಿನ ದರ ಯಾಕೆ ಅಷ್ಟು ಗಡಬಡಿಸಿ ಕೆಳಗಿಳಿಯುತ್ತದೆ ಎಂಬುದಕ್ಕೆ ಇದೂ ಒಂದು ವಿವರಣೆ.

ಇದೇ ಕೆಲಸ ಮಾಡುವ ಇನ್ನೊಬ್ಬನನ್ನು ಪಕ್ಕದಲ್ಲಿಟ್ಟು ನೋಡಿದರೆ ಎಸ್‌ಎಂಇ ಮಾರ್ಕೆಟ್ ಮೇಕರ್‌ನ ಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ. ಚಿನ್ನದ ಇಟಿಎಫ್‌ಗೂ ಮಾರ್ಕೆಟ್ ಮೇಕರ್ ಇರುತ್ತಾನೆ. ಜನ ಅವನಿಗೆ ಯೂನಿಟ್ ಮಾರುತ್ತಾ ಹೋದರೆ ಅವನು ಗಾಬರಿಯಾಗಬೇಕಿಲ್ಲ. ಎಂಸಿಎಕ್ಸ್‌ನಲ್ಲಿ ಅಷ್ಟೇ ತೂಕದ ಚಿನ್ನದ ಫ್ಯೂಚರ್ಸ್ ಮಾರಿಬಿಡುತ್ತಾನೆ. ಚಿನ್ನ ಇಳಿದರೆ ಯೂನಿಟ್ಟಿನಲ್ಲಿ ಕಳೆದದ್ದು ಫ್ಯೂಚರ್ಸ್‌ನಲ್ಲಿ ಬಹುಪಾಲು ಬರುತ್ತದೆ. ಯೂನಿಟ್ ಬಹಳವಾದರೆ ನಿಗದಿತ ಗಾತ್ರದ ಕಂತೆ ಮಾಡಿ ಮ್ಯೂಚುವಲ್ ಫಂಡ್ ಸಂಸ್ಥೆಗೇ ಹಿಂದಿರುಗಿಸುತ್ತಾನೆ. ಹೊರೆ ಇಳಿಸಲು ಎರಡು ದಾರಿ ಇರುವುದರಿಂದ ಚೆನ್ನಾಗಿ ಓಡುವ ಚಿನ್ನದ ಇಟಿಎಫ್‌ನಲ್ಲಿ ಅಂತರ ಪೈಸೆಗಳಲ್ಲಿ ನಿಲ್ಲುತ್ತದೆ. ನಮ್ಮ ಎಸ್‌ಎಂಇ ಷೇರಿಗೆ ಫ್ಯೂಚರ್ಸ್ ಇಲ್ಲ, ಹಿಂದಿರುಗಿಸಲು ಬಾಗಿಲೂ ಇಲ್ಲ. ಅವನಿಗೆ ಉಳಿದಿರುವುದು ದರ ಸರಿಸುವುದು, ಮಿತಿಯೊಳಗೆ ಅಂತರ ಅಗಲಿಸುವುದು, ಒಂದೊಂದೇ ಲಾಟಿಗೆ ದರ ಹಾಕುವುದು, ಸುಮ್ಮನಿರಲು ಬಿಟ್ಟಿರುವ ಕಾಲುಭಾಗ ಸಮಯವನ್ನು ಬಿರುಗಾಳಿಯ ಹೊತ್ತಿಗೆ ಉಳಿಸಿಕೊಳ್ಳುವುದು. ಷೇರಿನ ಮೇಲಿನ 4 ರೂಪಾಯಿ ಅಂತರವನ್ನು ದುರಾಸೆ ಎನ್ನುವವರಿದ್ದಾರೆ. ಲೆಕ್ಕ ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ.

ಆದರೆ ಹೂಡಿಕೆದಾರರು ತಿಳಿದಿರಲೇಬೇಕಾದ ಒಂದು ವಿನಾಯಿತಿ ನಿಯಮದಲ್ಲಿದೆ. ದಾಸ್ತಾನು ಒಂದು ಮಿತಿ ಮುಟ್ಟಿದರೆ ಮಾರ್ಕೆಟ್ ಮೇಕರ್ ಕೊಳ್ಳುವ ದರ ಹಾಕಬೇಕಿಲ್ಲ. 20 ಕೋಟಿವರೆಗಿನ ಐಪಿಒಗೆ ಆ ಮಿತಿ ಒಟ್ಟು ಷೇರಿನ ಶೇಕಡ 25. 20ರಿಂದ 50 ಕೋಟಿಗೆ ಶೇಕಡ 20. ಗಾತ್ರ ಹೆಚ್ಚಿದಂತೆ ಮಿತಿ ಕಡಿಮೆಯಾಗುತ್ತಾ 80 ಕೋಟಿ ಮೀರಿದರೆ ಶೇಕಡ 12. ದಾಸ್ತಾನು ಆ ಮಿತಿಗಿಂತ ಒಂದು ಶೇಕಡ ಇಳಿದ ಮೇಲೆ ಮತ್ತೆ ಕೊಳ್ಳಲು ಬರಬೇಕು. ನಮ್ಮ ಉದಾಹರಣೆಯಲ್ಲಿ ಮಿತಿ 336 ಲಾಟು, ಅವನ ಬಳಿ ಸಂಜೆಗೆ ಇದ್ದದ್ದು 107. ಅಂಥ ಕೆಟ್ಟ ದಿನಗಳು ಹತ್ತು ಬಂದರೆ ಮಿತಿ ತುಂಬುತ್ತದೆ. ಆಮೇಲೆ ಎಡಗಡೆಯ ಆ ಒಂದು ಸಾಲು ಖಾಲಿ. ಅವನನ್ನು ಮುಳುಗದಂತೆ ಕಾಪಾಡಲು ಈ ವಿನಾಯಿತಿ ಬೇಕು, ಒಪ್ಪುತ್ತೇನೆ. ಆದರೆ ಎಲ್ಲರೂ ಮಾರಲು ಓಡುತ್ತಿರುವ ಗಳಿಗೆಯಲ್ಲೇ ಕೊಳ್ಳುವವನು ಕಾನೂನುಬದ್ಧವಾಗಿ ಎದ್ದುಹೋಗಬಹುದು ಎಂಬುದು ಐಪಿಒ ಅರ್ಜಿ ಹಾಕುವ ಎಷ್ಟು ಜನರಿಗೆ ಗೊತ್ತಿದೆ? 3 ವರ್ಷ ಕಳೆದ ಮೇಲಂತೂ ಅವನು ಕೂತಿರಬೇಕೆಂಬ ಕಟ್ಟುಪಾಡೇ ಇರುವುದಿಲ್ಲ.

ಎಸ್‌ಎಂಇ ಷೇರು ಕೊಳ್ಳುವ ಮುಂಚೆ ಕೊನೆಯ ವಹಿವಾಟಿನ ಬೆಲೆ ನೋಡಿ ತೃಪ್ತರಾಗಬೇಡಿ. ಎಡಬಲದ ದರಗಳ ನಡುವೆ ಎಷ್ಟು ಅಂತರವಿದೆ ನೋಡಿ. 102ಕ್ಕೆ ಕೊಂಡು ಮರುಗಳಿಗೆ 98ಕ್ಕೆ ಮಾರಿದರೆ ನೂರಕ್ಕೆ ಸುಮಾರು 4 ರೂಪಾಯಿ ಹೋಯಿತು. ಎರಡೂ ಕಡೆ ಒಂದೊಂದು ಲಾಟು ಬಿಟ್ಟರೆ ಬೇರೇನೂ ಇಲ್ಲವಾದರೆ ಆ ಪೇಟೆ ಒಬ್ಬನ ಮೇಲೆ ನಿಂತಿದೆ ಎಂದು ತಿಳಿಯಿರಿ. ಮಾರ್ಕೆಟ್ ಆರ್ಡರ್ ಹಾಕದೆ ನಿಮ್ಮ ಬೆಲೆ ಬರೆದು ಲಿಮಿಟ್ ಆರ್ಡರ್ ಹಾಕಿ. ಮಾರ್ಕೆಟ್ ಮೇಕರ್ ಯಾರು, ಎಷ್ಟು ಷೇರು ಹಿಡಿದಿದ್ದಾನೆ, ಯಾವ ಮಿತಿಗೆ ಕೈಬಿಡಬಹುದು ಎಂಬುದೆಲ್ಲ ಕಂಪನಿಯ ಪ್ರಾಸ್ಪೆಕ್ಟಸ್‌ನಲ್ಲಿ ಮಾರ್ಕೆಟ್ ಮೇಕಿಂಗ್ ವ್ಯವಸ್ಥೆಯ ವಿವರದಲ್ಲಿ ಅಚ್ಚಾಗಿರುತ್ತದೆ. ಹಣ ಹಾಕುವ ಮುಂಚೆ ದಯವಿಟ್ಟು ಆ ಎರಡು ಪುಟ ಓದಿ.