ಅಂಕಪಟ್ಟಿಯ ಲೆಕ್ಕ ಸರಿಯಿದೆಯೇ? ಕೂಡಿದ್ದಕ್ಕಿಂತ ಮೊದಲು ಭಾಗಿಸಿದ್ದನ್ನು ನೋಡಿ

ನೆರೂಳ (ನವಿ ಮುಂಬಯಿ): ಫಲಿತಾಂಶದ ದಿನ ಮೊಬೈಲ್‌ನಲ್ಲಿ ಅಂಕಪಟ್ಟಿ ತೆರೆದ ಕೂಡಲೇ ಹೆಚ್ಚಿನ ಪೋಷಕರು ಮಾಡುವ ಕೆಲಸ ಒಂದೇ. ವಿಷಯವಾರು ಅಂಕಗಳನ್ನು ಕೂಡಿ, ಒಟ್ಟು ಮೊತ್ತದ ಜೊತೆ ಹೋಲಿಸುವುದು. ಆದರೆ ಅಂಕಪಟ್ಟಿಗಳೆಲ್ಲ ಈಗ ಕಂಪ್ಯೂಟರ್‌ನಲ್ಲೇ ತಯಾರಾಗುವುದರಿಂದ ಕೂಡುವ ತಪ್ಪು ಅಪರೂಪ. ತಪ್ಪಾಗುವುದು ಆ ಮೊತ್ತವನ್ನು ಯಾವುದರಿಂದ ಭಾಗಿಸಲಾಗಿದೆ ಎಂಬಲ್ಲಿ. 500ರಿಂದಲೋ, 600ರಿಂದಲೋ, 625ರಿಂದಲೋ ಅಥವಾ ಕ್ರೆಡಿಟ್‌ಗಳ ಮೊತ್ತದಿಂದಲೋ? ಇದು ಗೊತ್ತಾಗದೆ ಶೇಕಡಾವಾರು ಸರಿಯೋ ತಪ್ಪೋ ಎಂದು ಹೇಳಲು ಬರುವುದಿಲ್ಲ.

ನೆರೂಳ, ವಾಶಿ, ಡೊಂಬಿವಲಿ, ಕಲ್ಯಾಣದ ಕನ್ನಡ ಕುಟುಂಬಗಳಿಗೆ ಈ ಗೊಂದಲ ಇನ್ನೂ ಹತ್ತಿರದ್ದು. ಮನೆಯ ಮಗಳು ಮಹಾರಾಷ್ಟ್ರ ಮಂಡಳಿಯ ಎಸ್‌ಎಸ್‌ಸಿ ಬರೆದಿರುತ್ತಾಳೆ, ಊರಿನಲ್ಲಿರುವ ಚಿಕ್ಕಪ್ಪನ ಮಗ ಕರ್ನಾಟಕದ ಎಸ್‌ಎಸ್‌ಎಲ್‌ಸಿ, ಪಕ್ಕದ ಫ್ಲ್ಯಾಟಿನ ಹುಡುಗ ಸಿಬಿಎಸ್‌ಇ. ಮೂರೂ ಹತ್ತನೇ ತರಗತಿಯೇ, ಆದರೆ ಲೆಕ್ಕದ ಪದ್ಧತಿ ಮೂರು ಬಗೆ.

ಆರು ವಿಷಯ, ಐದರ ಲೆಕ್ಕ

ಎಸ್‌ಎಸ್‌ಸಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಸೇರಿ ಆರು ವಿಷಯಗಳಿವೆ. ಪ್ರತಿಯೊಂದಕ್ಕೂ 100 ಅಂಕ. ಭಾಷೆಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕಕ್ಕೆ 20. ಗಣಿತದಲ್ಲಿ ಎರಡು ಪತ್ರಿಕೆಗಳಿಗೆ ತಲಾ 40, ಆಂತರಿಕಕ್ಕೆ 20. ವಿಜ್ಞಾನವೂ ಹೀಗೆಯೇ. ಸಮಾಜ ವಿಜ್ಞಾನದಲ್ಲಿ ಇತಿಹಾಸ-ಪೌರನೀತಿ ಹಾಗೂ ಭೂಗೋಳಕ್ಕೆ ತಲಾ 40 ಇರುತ್ತದೆ. ಹಾಗಾಗಿ ವಿಷಯದ ಮೊತ್ತ ಸರಿಯಿದೆಯೇ ಎಂದು ನೋಡುವಾಗ ಗಣಿತಕ್ಕೆ ಮೂರು ಸಂಖ್ಯೆಗಳನ್ನು ಕೂಡಬೇಕು. ಎರಡನ್ನು ಮಾತ್ರ ಕೂಡಿ 20 ಅಂಕ ಕಾಣೆಯಾಗಿದೆ ಎಂದು ಗಾಬರಿಯಾಗುವವರೂ ಇದ್ದಾರೆ.

ಒಟ್ಟು ಶೇಕಡಾವಾರಿಗೆ ಮಾತ್ರ ಆರು ವಿಷಯ ಲೆಕ್ಕಕ್ಕೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ 2010ರಲ್ಲಿ ‘ಬೆಸ್ಟ್ ಆಫ್ ಫೈವ್’ ಪದ್ಧತಿ ಬಂತು. ಆರರಲ್ಲಿ ಹೆಚ್ಚು ಅಂಕ ಬಂದ ಐದು ವಿಷಯಗಳನ್ನು ಹಿಡಿದು 500ಕ್ಕೆ ಶೇಕಡಾವಾರು ತೆಗೆಯುವುದು ಇದರ ನಿಯಮ. ಬೇರೆ ಮಂಡಳಿಗಳ ವಿದ್ಯಾರ್ಥಿಗಳಿಗೆ ಇದರಿಂದ ಅನ್ಯಾಯ ಎಂಬ ವಾದದಲ್ಲಿ ಬಾಂಬೆ ಹೈಕೋರ್ಟ್ ಇದನ್ನು ರದ್ದು ಮಾಡಿತ್ತು. ಬಳಿಕ ಸುಪ್ರೀಂ ಕೋರ್ಟ್‌ನಲ್ಲಿ ಪದ್ಧತಿ ಉಳಿದುಕೊಂಡಿತು. ಆರೂ ವಿಷಯಗಳಲ್ಲಿ ಪಾಸಾಗಲೇಬೇಕು ಎಂಬುದರಲ್ಲಿ ಬದಲಾವಣೆ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಕನ್ನಡ ಪ್ರಥಮ ಭಾಷೆಯಾಗಿರುವ ಒಬ್ಬ ವಿದ್ಯಾರ್ಥಿನಿಗೆ ಕನ್ನಡದಲ್ಲಿ 88, ಇಂಗ್ಲಿಷ್‌ನಲ್ಲಿ 79, ಮರಾಠಿಯಲ್ಲಿ 74, ಗಣಿತದಲ್ಲಿ 91, ವಿಜ್ಞಾನದಲ್ಲಿ 86, ಸಮಾಜ ವಿಜ್ಞಾನದಲ್ಲಿ 68 ಬಂದಿದೆ ಎಂದುಕೊಳ್ಳಿ. ಆರರ ಮೊತ್ತ 486. 600ಕ್ಕೆ ಭಾಗಿಸಿದರೆ ಶೇ. 81.00. ಆದರೆ ಕಡಿಮೆ ಬಂದ 68 ಅನ್ನು ಬಿಟ್ಟರೆ ಮೊತ್ತ 418, ಶೇಕಡಾವಾರು 83.60. ಅಂಕಪಟ್ಟಿಯಲ್ಲಿ 83.60 ಇದ್ದರೆ ಅದೇ ಸರಿ. ಈಕೆಗೆ ಕ್ರೀಡೆ ಅಥವಾ ಚಿತ್ರಕಲೆಯ ಹೆಚ್ಚುವರಿ 5 ಅಂಕ ಮಂಜೂರಾಗಿದ್ದರೆ 423 ಆಗಿ ಶೇ. 84.60 ಆಗುತ್ತದೆ. ಅದು ಸೇರಿದೆಯೇ ಎಂದು ನೋಡಲು ಮೊತ್ತದ ಪಕ್ಕದ ‘+’ ಗುರುತನ್ನು ಹುಡುಕಬೇಕು. ಶಾಲೆ ಪ್ರಸ್ತಾವ ಕಳಿಸಿದ್ದರೂ ಪ್ಲಸ್ ಕಾಣದಿದ್ದರೆ ಅದು ಕೇಳಬೇಕಾದ ವಿಷಯ. ಅಂದಹಾಗೆ, 2025ರಲ್ಲಿ ರಾಜ್ಯದ 211 ವಿದ್ಯಾರ್ಥಿಗಳಿಗೆ ಶೇ. 100 ಬಂದಾಗ ಹಲವರು ಆಶ್ಚರ್ಯಪಟ್ಟಿದ್ದರು. ಆರೂ ವಿಷಯದಲ್ಲಿ ನೂರಕ್ಕೆ ನೂರು ಬರದೆಯೂ ಅದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ಬಹುಕಾಲದಿಂದ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಅಂಕ. ಊರಿನ ಹುಡುಗನಿಗೆ 540 ಬಂದಿದ್ದರೆ ಶೇ. 86.40. ಆರು ವಿಷಯ ತಾನೇ ಎಂದು 600ಕ್ಕೆ ಭಾಗಿಸಿದರೆ ಶೇ. 90 ಆಗಿಬಿಡುತ್ತದೆ! ಕರ್ನಾಟಕದಿಂದ ಬಂದು ನವಿ ಮುಂಬಯಿಯಲ್ಲಿ ಹನ್ನೊಂದನೇ ತರಗತಿಗೆ ಅರ್ಜಿ ತುಂಬುವವರು ಇಲ್ಲಿ ಎಡವಿದರೆ, ದಾಖಲೆ ಪರಿಶೀಲನೆಯ ವೇಳೆ ಸಿಕ್ಕಿಬೀಳುತ್ತಾರೆ. ಸಿಬಿಎಸ್‌ಇಯಂತೂ ಒಟ್ಟು ಶೇಕಡಾವಾರನ್ನು ಅಂಕಪಟ್ಟಿಯಲ್ಲಿ ಕೊಡುವುದೇ ಇಲ್ಲ. ಯಾವ ವಿಷಯಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಪ್ರವೇಶ ಕೊಡುವ ಕಾಲೇಜೇ ತೀರ್ಮಾನಿಸುತ್ತದೆ.

ಗ್ರೇಡ್ ಪಾಯಿಂಟ್: ಸರಾಸರಿ ಅಲ್ಲ, ತೂಕದ ಸರಾಸರಿ

ಪದವಿಗೆ ಬಂದರೆ ಲೆಕ್ಕ ಇನ್ನೊಂದು ಮೆಟ್ಟಿಲು ಏರುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಹಲವು ಪದವಿ ಕೋರ್ಸ್‌ಗಳಲ್ಲಿ ಬಳಕೆಯಾದ ಹತ್ತು ಪಾಯಿಂಟ್ ಪದ್ಧತಿಯಲ್ಲಿ 80 ಮತ್ತು ಮೇಲಿನ ಅಂಕಕ್ಕೆ ‘ಒ’ ಗ್ರೇಡ್, 10 ಪಾಯಿಂಟ್. 70ರಿಂದ 80ರ ಒಳಗೆ ‘ಎ ಪ್ಲಸ್’, 9 ಪಾಯಿಂಟ್. 60ರಿಂದ 70ರ ಒಳಗೆ ‘ಎ’, 8 ಪಾಯಿಂಟ್. 55ರಿಂದ 60ರ ಒಳಗೆ ‘ಬಿ ಪ್ಲಸ್’, 7 ಪಾಯಿಂಟ್. ಹೀಗೆ ಇಳಿಯುತ್ತ 40ಕ್ಕಿಂತ ಕಡಿಮೆಯಾದರೆ ಸೊನ್ನೆ. ನಿಮ್ಮ ಕೋರ್ಸಿನ ಪಟ್ಟಿ ಬೇರೆ ಇರಬಹುದು, ಗ್ರೇಡ್ ಕಾರ್ಡಿನ ಹಿಂಬದಿ ಅಥವಾ ಪಠ್ಯಕ್ರಮದ ಸುತ್ತೋಲೆಯಲ್ಲಿ ಇರುವುದನ್ನೇ ಹಿಡಿಯಬೇಕು.

ನೆರೂಳಿನ ಕಾಲೇಜೊಂದರ ವಿದ್ಯಾರ್ಥಿಯ ಸೆಮಿಸ್ಟರ್ ಹೀಗಿದೆ ಎಂದಿಟ್ಟುಕೊಳ್ಳಿ. ನಾಲ್ಕು ಕ್ರೆಡಿಟ್‌ನ ಮೂರು ವಿಷಯಗಳಲ್ಲಿ 63, 58, 74. ಮೂರು ಕ್ರೆಡಿಟ್‌ನ ಎರಡರಲ್ಲಿ 71, 82. ಎರಡು ಕ್ರೆಡಿಟ್‌ನ ಒಂದರಲ್ಲಿ 85. ಪಾಯಿಂಟ್‌ಗಳು ಕ್ರಮವಾಗಿ 8, 7, 9, 9, 10, 10. ಪ್ರತಿ ವಿಷಯದ ಕ್ರೆಡಿಟ್‌ನಿಂದ ಪಾಯಿಂಟ್ ಅನ್ನು ಗುಣಿಸಿದರೆ 32, 28, 36, 27, 30, 20. ಇವುಗಳ ಮೊತ್ತ 173. ಕ್ರೆಡಿಟ್‌ಗಳ ಮೊತ್ತ 20. ಭಾಗಿಸಿದರೆ 8.65. ಇದೇ ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್.

ಪಾಯಿಂಟ್‌ಗಳನ್ನು ಮಾತ್ರ ಕೂಡಿ ಆರರಿಂದ ಭಾಗಿಸಿದರೆ 53 ಭಾಗಿಸು 6, ಅಂದರೆ 8.83. ವ್ಯತ್ಯಾಸ 0.18. ಕಾಲೇಜಿನ ಕಾರ್ಡಿನಲ್ಲಿ 8.83 ಇದ್ದರೆ ಕ್ರೆಡಿಟ್ ಬಿಟ್ಟುಹೋಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡು ಸೆಮಿಸ್ಟರ್ ಸೇರಿಸುವಾಗಲೂ ಇದೇ ತಪ್ಪು. ಮುಂದಿನ ಸೆಮಿಸ್ಟರಿನಲ್ಲಿ 24 ಕ್ರೆಡಿಟ್‌ಗೆ 7.50 ಬಂದರೆ ಒಟ್ಟಾರೆ ಸರಾಸರಿ 8.65 ಮತ್ತು 7.50ರ ಅರ್ಧವಲ್ಲ. 173ಕ್ಕೆ 180 ಸೇರಿಸಿ 44ರಿಂದ ಭಾಗಿಸಬೇಕು, ಉತ್ತರ 8.02. ಅರ್ಧ ಮಾಡಿದರೆ 8.08 ಬರುತ್ತಿತ್ತು.

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ B ಕಾಲಂನಲ್ಲಿ ಕ್ರೆಡಿಟ್, C ಕಾಲಂನಲ್ಲಿ ಪಾಯಿಂಟ್ ಹಾಕಿ ಈ ಒಂದು ಸಾಲು ಬರೆದರೆ ಸಾಕು:

```
=SUMPRODUCT(B2:B7,C2:C7)/SUM(B2:B7)
```

ಗೈರಾದವರಿಗೆ ಅಂಕ ಏರುವುದು ಹೇಗೆ?

ಶಾಲೆ, ಕ್ಲಾಸುಗಳಲ್ಲಿ ಆಂತರಿಕ ಅಂಕಗಳನ್ನು ಇಂದಿಗೂ ಎಕ್ಸೆಲ್‌ನಲ್ಲೇ ಲೆಕ್ಕ ಹಾಕುವವರು ಬಹಳ. ಅಲ್ಲಿ ಒಂದು ಗುಟ್ಟಿನ ಹೊಂಡ ಇದೆ. AVERAGE ಎಂಬ ಸೂತ್ರ ಅಕ್ಷರಗಳಿರುವ ಕೋಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ಟೆಸ್ಟ್‌ಗಳಲ್ಲಿ 64, 70, AB, 58, 76 ಬಂದವನ ಸರಾಸರಿ ಅದು 67 ಎಂದು ತೋರಿಸುತ್ತದೆ, ಏಕೆಂದರೆ 268 ಅನ್ನು ನಾಲ್ಕರಿಂದ ಭಾಗಿಸಿರುತ್ತದೆ. ಗೈರಿಗೆ ಸೊನ್ನೆ ಎಂಬ ನಿಯಮವಿದ್ದರೆ ಐದರಿಂದ ಭಾಗಿಸಿ 53.6 ಬರಬೇಕು. ಪರೀಕ್ಷೆಗೆ ಬಾರದವನಿಗೆ ಲಾಭ, ಬಂದು ಕಡಿಮೆ ತೆಗೆದವನಿಗೆ ನಷ್ಟ. ಸಹಪಾಠಿಗಳ ಅಂಕ ಹೋಲಿಸಿದಾಗ ಮಾತ್ರ ಇದು ಬೆಳಕಿಗೆ ಬರುತ್ತದೆ.

ಇನ್ನೊಂದು, ಕೋಶದಲ್ಲಿ 60 ಎಂದು ಕಾಣುತ್ತಿದ್ದರೂ ಒಳಗೆ 59.6 ಇರಬಹುದು. ಕಣ್ಣಿಗೆ ‘ಎ’, ಸೂತ್ರಕ್ಕೆ ‘ಬಿ ಪ್ಲಸ್’. ಗಡಿಯಲ್ಲಿರುವ ಅಂಕಕ್ಕೆ ಗ್ರೇಡ್ ಒಂದು ಮೆಟ್ಟಿಲು ಕೆಳಗೆ ಬಂದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಕೈಯಿಂದ ಟೈಪ್ ಮಾಡಿದ ಅಂಕಗಳಲ್ಲಿ ಅಂಕಿಗಳು ಅದಲುಬದಲಾಗುವುದೂ ಉಂಟು. 85 ಇದ್ದದ್ದು 58 ಆಗುತ್ತದೆ. ಇದನ್ನು ಹಿಡಿಯಲು ಲೆಕ್ಕಿಗರ ಹಳೆಯ ಉಪಾಯವಿದೆ: ಇರಬೇಕಾದ ಮೊತ್ತಕ್ಕೂ ಇರುವ ಮೊತ್ತಕ್ಕೂ ಇರುವ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ತಿರುಗಿರುವ ಸಾಧ್ಯತೆ ಹೆಚ್ಚು. 85ರಿಂದ 58 ಕಳೆದರೆ 27. ಇದು ಸುಳಿವಷ್ಟೇ, ಸಾಕ್ಷಿ ಅಲ್ಲ.

ಪಾಯಿಂಟ್‌ನಿಂದ ಶೇಕಡಾವಾರು

ಕೆಲಸದ ಅರ್ಜಿಯಲ್ಲಿ ಶೇಕಡಾವಾರು ಕೇಳಿದಾಗ 8.65 ಅನ್ನು 10ರಿಂದ ಗುಣಿಸಿ 86.5 ಎಂದು ಬರೆಯುವವರೇ ಹೆಚ್ಚು. ಮೇಲಿನ ವಿದ್ಯಾರ್ಥಿಯ ಅಂಕಗಳನ್ನೇ ಕೂಡಿ ನೋಡಿ: 600ಕ್ಕೆ 433, ಶೇ. 72.17. ಹದಿನಾಲ್ಕು ಶೇಕಡಾ ಎಲ್ಲಿಂದ ಬಂತು? 71 ತೆಗೆದವನಿಗೂ 79 ತೆಗೆದವನಿಗೂ ಒಂದೇ 9 ಪಾಯಿಂಟ್ ಸಿಗುತ್ತದೆ, 82ಕ್ಕೂ 98ಕ್ಕೂ ಒಂದೇ 10. ಪಟ್ಟಿಯೇ ಮೇಲಕ್ಕೆ ಎತ್ತಿ ಕೊಟ್ಟಿರುವುದರಿಂದ ಹತ್ತರಿಂದ ಗುಣಿಸಿದರೆ ಹಿಂದಿರುಗಲು ಆಗುವುದಿಲ್ಲ.

ಸಿಬಿಎಸ್‌ಇ ಹತ್ತನೇ ತರಗತಿಯ ಹಳೆಯ ಗ್ರೇಡ್ ಪದ್ಧತಿಯಲ್ಲಿದ್ದ 9.5ರ ಗುಣಕ ಇನ್ನೂ ಜನರ ಬಾಯಲ್ಲಿದೆ. ಬೆಳಗಾವಿಯ ವಿಟಿಯು ತನ್ನ ಕೆಲವು ಹಳೆಯ ಯೋಜನೆಗಳಲ್ಲಿ 0.75 ಕಳೆದು 10ರಿಂದ ಗುಣಿಸಲು ಹೇಳಿತ್ತು. 8.65ಕ್ಕೆ ಮೊದಲನೆಯದು 82.18, ಎರಡನೆಯದು 79.00 ಕೊಡುತ್ತದೆ. ಒಂದು ವಿಶ್ವವಿದ್ಯಾಲಯದ ಸೂತ್ರವನ್ನು ಇನ್ನೊಂದರ ಕಾರ್ಡಿಗೆ ಹಾಕುವುದು ತಪ್ಪು, ಅಷ್ಟೇ. ನಿಮ್ಮ ವಿಶ್ವವಿದ್ಯಾಲಯ, ನಿಮ್ಮ ಕೋರ್ಸು, ನೀವು ಸೇರಿದ ವರ್ಷದ ಸುತ್ತೋಲೆಯ ಸೂತ್ರವೇ ಅನ್ವಯ.

ತಪ್ಪು ಸಿಕ್ಕಿದರೆ ಎಲ್ಲಿಗೆ?

ಲೆಕ್ಕದ ತಪ್ಪಿಗೂ ಮೌಲ್ಯಮಾಪನದ ತಪ್ಪಿಗೂ ದಾರಿ ಬೇರೆ. ಎಸ್‌ಎಸ್‌ಸಿಯಲ್ಲಿ ಮರಾಠಿಯ ‘ಗುಣಪಡತಾಳಣಿ’, ಅಂದರೆ ಅಂಕ ಪರಿಶೀಲನೆಗೆ ಅರ್ಜಿ ಹಾಕಿದರೆ ಮಂಡಳಿ ಕೂಡಿದ್ದು ಸರಿಯೇ, ಉತ್ತರ ತಿದ್ದದೆ ಬಿಟ್ಟಿದೆಯೇ ಎಂದು ನೋಡುತ್ತದೆ. ಉತ್ತರಕ್ಕೆ ಕಡಿಮೆ ಕೊಟ್ಟಿದ್ದಾರೆ ಎನ್ನುವವರು ಮೊದಲು ಉತ್ತರಪತ್ರಿಕೆಯ ಛಾಯಾಪ್ರತಿ ಪಡೆಯಬೇಕು. ಅದು ಕೈಗೆ ಬಂದ ಐದು ಕೆಲಸದ ದಿನಗಳೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಆಂತರಿಕ ಅಂಕ, ಹೆಚ್ಚುವರಿ ಅಂಕ, ಹೆಸರಿನ ತಪ್ಪು ಇವುಗಳಿಗೆ ಶಾಲೆಯ ಮುಖಾಂತರವೇ ಹೋಗಬೇಕು. ನೆರೂಳಿನವರಿಗೆ ಮಂಡಳಿಯ ಮುಂಬಯಿ ವಿಭಾಗೀಯ ಕಚೇರಿ ದೂರವಿಲ್ಲ, ವಾಶಿಯಲ್ಲೇ ಇದೆ.

ಪದವಿ ವಿದ್ಯಾರ್ಥಿಗಳು ಇನ್ನೊಂದನ್ನು ನೋಡಿಕೊಳ್ಳಬೇಕು. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಪರದೆಯ ಮೇಲೆ ಉತ್ತರಪತ್ರಿಕೆ ತಿದ್ದುವ ವ್ಯವಸ್ಥೆಯನ್ನು ಒಮ್ಮೆಲೇ ತಂದಾಗ ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಕುಲಪತಿ ಸಂಜಯ್ ದೇಶ್‌ಮುಖ್ ಅವರನ್ನು ಆ ವರ್ಷ ಅಕ್ಟೋಬರ್‌ನಲ್ಲಿ ವಜಾ ಮಾಡಲಾಯಿತು. ಪರೀಕ್ಷೆ ಬರೆದವರನ್ನೂ ಗೈರು ಎಂದು ತೋರಿಸಿದ ದೂರುಗಳು ಆಗ ಬಂದಿದ್ದವು. ಅಂಥ ಸಂದರ್ಭದಲ್ಲಿ ಗ್ರೇಡ್ ಪಾಯಿಂಟ್ ಸೊನ್ನೆಯಾಗಿ ಸರಾಸರಿ ದಿಢೀರ್ ಕುಸಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ನಾಲ್ಕು ಕ್ರೆಡಿಟ್‌ನ 74 ಅಂಕದ ವಿಷಯ ಸೊನ್ನೆಯಾದರೆ 173ರಲ್ಲಿ 36 ಹೋಗಿ 8.65 ಇದ್ದದ್ದು 6.85ಕ್ಕೆ ಇಳಿಯುತ್ತದೆ. ಹೀಗಾದಾಗ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮೊದಲು ಹಾಲ್ ಟಿಕೆಟ್ ಮತ್ತು ಆ ದಿನದ ಹಾಜರಿ ಸಹಿಯ ವಿವರದೊಂದಿಗೆ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು.