ಕತ್ತಿಯ ವಯಸ್ಸನ್ನು ತಿಳಿಯುವ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯು ಪಾಳೆಯಗಾರರ ಆಳ್ವಿಕೆಯನ್ನು ಕಂಡುದು. ಇಲ್ಲಿನ ಹಳೆಯ ಮನೆಯೊಂದರಲ್ಲಿ ಆಯುಧಪೂಜೆಯ ದಿನ ಹೊರಬರುವ ಕತ್ತಿಯು ಆ ಕಾಲದ್ದಾಗಿರಬಹುದು. ಈಚೆಗೆ ಪೇಟೆಯಲ್ಲಿ ಕೊಂಡ ಅಲಂಕಾರದ ವಸ್ತುವೂ ಆಗಿರಬಹುದು. ಬಾಗಿದ ಅಲಗು, ಕಬ್ಬಿಣದ ಹಿಡಿ, ಹಿಡಿಯ ತುದಿಯಲ್ಲಿ ದುಂಡು ಬಿಲ್ಲೆ: ಇಂತಹ ಕತ್ತಿಯೊಂದು ಕೈಗೆ ಬಂದರೆ ಅದನ್ನು ಪರೀಕ್ಷಿಸುವುದು ಹೇಗೆ?

ಮೊದಲು ಹಿಡಿಯನ್ನು ನೋಡಬೇಕು. ಅಲಗಿನ ಬುಡದಿಂದ ಹಿಡಿಯೊಳಕ್ಕೆ ಹೋಗುವ ಕಿರಿದಾದ ಭಾಗವನ್ನು ಅಲಗಿನ ಬಾಲವೆನ್ನೋಣ. ಹಳೆಯ ಕತ್ತಿಯಲ್ಲಿ ಹಿಡಿಯು ಪೊಳ್ಳು. ಅದರೊಳಗೆ ಕರಗಿಸಿದ ಅರಗಿನಂತಹ ಅಂಟನ್ನು ತುಂಬಿ, ಗಿಡ್ಡನೆಯ ಬಾಲವನ್ನು ಸೇರಿಸಿ ಆರಲು ಬಿಡುತ್ತಿದ್ದರು. ಆದುದರಿಂದ ಅಲಗು ಹಿಡಿಯನ್ನು ಸೇರುವ ಸಂದಿನಲ್ಲಿ ಕಪ್ಪು ಅಥವಾ ಕೆಂಗಂದು ಬಣ್ಣದ ಅರಗಿನ ಚೂರುಗಳು ಕಾಣಬಹುದು. ಅಲಂಕಾರದ ಕತ್ತಿಯಲ್ಲಾದರೋ ಅನೇಕ ವೇಳೆ ಅಲಗಿಗೆ ತೆಳುವಾದ ಸರಳನ್ನು ಬೆಸೆದು, ಅದನ್ನು ಬಿಲ್ಲೆಯ ಹೊರಗೆ ತಂದು, ತಿರುಪಿನ ನಟ್ಟಿನಿಂದ ಬಿಗಿದಿರುತ್ತಾರೆ.

ಎರಡನೆಯದು ತೂಕದ ಹಂಚಿಕೆ. ಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಅಲಗಿನ ಬೆನ್ನನ್ನು ಅಳೆಯಿರಿ. ಹಿಡಿಯ ಬಳಿ ಸುಮಾರು 7 ಮಿಲಿಮೀಟರ್ ದಪ್ಪವಿದ್ದು, ತುದಿಯತ್ತ ಕ್ರಮವಾಗಿ 3 ಮಿಲಿಮೀಟರಿಗೆ ಇಳಿದರೆ ಅದು ಕಾದಾಟಕ್ಕೆಂದು ಬಡಿದ ಅಲಗಿನ ಲಕ್ಷಣ. ಹೊಡೆತದ ಭಾರವನ್ನು ತಾಳಲು ಬುಡ ದಪ್ಪವಾಗಿರಬೇಕು. ಬೇಗನೆ ತಿರುಗಲು ತುದಿ ಹಗುರವಾಗಿರಬೇಕು. ಸಮದಪ್ಪದ ತಗಡಿನಿಂದ ಕತ್ತರಿಸಿದ ಅಲಗಿನಲ್ಲಿ ಈ ಇಳಿಕೆಯಿರದು. ಒಟ್ಟು ತೂಕ ಒಂದೇ ಆದರೂ ಅದರ ತುದಿ ಕೈಯನ್ನು ಕೆಳಕ್ಕೆಳೆಯುತ್ತದೆ.

ಮೂರನೆಯದು ಸವೆತ. ಹಿಡಿಯ ಮೇಲೆ ಬೆಳ್ಳಿಯ ಚಿತ್ತಾರವಿದ್ದರೆ ಭೂತಗನ್ನಡಿಯಿಂದ ನೋಡಿರಿ. ಕುಶಲಿಗಳು ಕಬ್ಬಿಣದ ಮೇಲೆ ಅಡ್ಡಡ್ಡ ಗೀರುಗಳನ್ನು ಎಳೆದು, ಅವುಗಳ ಮೇಲೆ ಬೆಳ್ಳಿಯನ್ನು ಬಡಿದು ಕೂರಿಸುತ್ತಿದ್ದರು. ಬೆಳ್ಳಿ ಸವೆದ ಕಡೆ ಆ ಗೀರುಗಳು ಉಳಿದಿರುತ್ತವೆ. ಸವೆತವು ಅಂಗೈ ಒತ್ತುವ ಉಬ್ಬುಗಳಲ್ಲಿ ಹೆಚ್ಚು, ತಗ್ಗುಗಳಲ್ಲಿ ಕಡಿಮೆ. ಆಮ್ಲ ಹಚ್ಚಿ ಹಳೆಯದಾಗಿಸಿದ ಕತ್ತಿಯಲ್ಲಿ ತುಕ್ಕು ಇಂತಹ ಭೇದವಿಲ್ಲದೆ ಎಲ್ಲೆಡೆಯೂ ಒಂದೇ ಸಮನಾಗಿ ಹರಡಿರುತ್ತದೆ.

ಒಂದೇ ಗುರುತಿನಿಂದ ತೀರ್ಪು ಕೊಡಲಾಗದು. ಅರಗು ಸಡಿಲಿದಾಗ ಹಳೆಯ ಅಲಗಿಗೆ ಹೊಸ ಹಿಡಿ ಹಾಕುವುದುಂಟು. ಹಳೆಯ ಹಿಡಿಗೆ ಹೊಸ ಅಲಗನ್ನು ಸೇರಿಸುವುದೂ ಉಂಟು. ಆದುದರಿಂದ ಅಲಗು, ಹಿಡಿಗಳ ವಯಸ್ಸನ್ನು ಬೇರೆಬೇರೆಯಾಗಿಯೇ ವಿಚಾರಿಸಬೇಕು.

ಪರೀಕ್ಷೆಗೆಂದು ಹಿಡಿಯನ್ನು ಕಾಯಿಸಬಾರದು. ಅರಗು ಕರಗಿ ಸಾಕ್ಷ್ಯವೇ ಹೋಗುತ್ತದೆ. ಪೂಜೆಗೆಂದು ಅಲಗನ್ನು ಉಪ್ಪುಕಾಗದದಿಂದ ಉಜ್ಜುವುದೂ ಸಲ್ಲದು. ಮೂಸೆಯಲ್ಲಿ ಕರಗಿಸಿದ ಉಕ್ಕಿನ ಅಲಗಿನಲ್ಲಿ ನೀರಿನ ಅಲೆಗಳಂತಹ ಗೆರೆಗಳಿರುತ್ತವೆ; ಹಾಗೆ ಉಜ್ಜಿದರೆ ಅವು ಕಣ್ಮರೆಯಾಗುತ್ತವೆ. ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು.